ಗೇಟ್ ಬಳಿ ಬಿಳಿಚಿದ ಪ್ರೀಫಾರ್ಮ್: ಡಿಎಸ್‌ಸಿ ರೇಖೆ ಎಲ್ಲಿ ಮೋಸ ಮಾಡಿತು?

ಮೊದಲು ತೊಂದರೆ ಏನು ಅಂತ ಹೇಳುತ್ತೇನೆ. ಕೈಯಲ್ಲಿ ಪೆಟ್ ಪ್ಲಾಸ್ಟಿಕ್ಕಿನ ಎರಡು ಚೂರುಗಳಿವೆ. ಒಂದು ಗಾಜಿನಷ್ಟು ತಿಳಿ, ಇನ್ನೊಂದು ಅಕ್ಕಿ ತೊಳೆದ ನೀರಿನಂತೆ ಬಿಳಿಚಿದೆ. ಕಣ್ಣಿಗೆ ಇಷ್ಟು ಬೇರೆಯಾಗಿ ಕಾಣುವ ಈ ಎರಡನ್ನೂ, ಕಾಯಿಸುವಾಗ ಮತ್ತು ತಣಿಸುವಾಗ ವಸ್ತು ಎಷ್ಟು ಶಾಖ ಹೀರುತ್ತದೆ, ಎಷ್ಟು ಬಿಡುತ್ತದೆ ಎಂದು ರೇಖೆ ಬರೆದು ತೋರಿಸುವ ಡಿಎಸ್‌ಸಿ ಪರೀಕ್ಷೆಗೆ ಕೊಟ್ಟರೆ, ವರದಿ ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ: 247 ಡಿಗ್ರಿಯಲ್ಲಿ ಕರಗುತ್ತದೆ, ಸ್ಫಟಿಕಾಂಶ, ಎಂದರೆ ಹರಳಾದ ಪಾಲು, ಶೇಕಡಾ 28, ಗಾಜಿನಂತೆ ಗಡುಸಾದ ಪ್ಲಾಸ್ಟಿಕ್ ಮೆದುವಾಗುವ ಗಾಜಿನ ಪರಿವರ್ತನೆ ಸ್ಪಷ್ಟವಿಲ್ಲ. ಹೀಗಾದಾಗ ಪರೀಕ್ಷೆಯನ್ನೇ ದೂರುವುದು ಸುಲಭ. ಆದರೆ ನಾನು ನೋಡಿದ ಪ್ರಕರಣದಲ್ಲಿ ಯಂತ್ರ ಸುಳ್ಳು ಹೇಳಿರಲಿಲ್ಲ. ರೇಖೆಯ ಯಾವ ಭಾಗವನ್ನು ಓದಬೇಕು ಎಂಬುದರಲ್ಲಿ ತಪ್ಪಾಗಿತ್ತು.

ಆಷಾಢದ ಮಳೆ ಜೋರಾಗಿದ್ದ ಒಂದು ವಾರ. ಅಂಕೋಲಾ ಕಡೆ ಸಣ್ಣದೊಂದು ಘಟಕದಲ್ಲಿ ನೀರಿನ ಬಾಟಲಿಗೆ ಬೇಕಾದ ಪ್ರೀಫಾರ್ಮ್ ತಯಾರಿಸುವವರು ಕಾರವಾರದ ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದರು. ಪ್ರೀಫಾರ್ಮ್ ಎಂದರೆ ಬಾಟಲಿಯಾಗುವ ಮೊದಲಿನ ದಪ್ಪ ಕೊಳವೆ. ಅದನ್ನು ಬಿಸಿ ಮಾಡಿ ಗಾಳಿ ಊದಿದರೆ ಬಾಟಲಿ. ಅಚ್ಚಿನೊಳಗೆ ಪ್ಲಾಸ್ಟಿಕ್ ನುಗ್ಗುವ ತಳದ ಮೂತಿಗೆ ಗೇಟ್ ಅನ್ನುತ್ತಾರೆ. ಅವರ ಪ್ರೀಫಾರ್ಮ್‌ಗಳ ಗೇಟ್ ಸುತ್ತ ನಾಲ್ಕಾಣೆ ನಾಣ್ಯದಷ್ಟು ಜಾಗ ಬಿಳಿಚಿತ್ತು.

"ಮಳೆ ಹಿಡಿದಾಗಿಂದ ಹೀಗೇ ಆಗ್ತಾ ಉಂಟು ಸರ್. ಕಾಳು ನೀರು ಕುಡಿದಿರಬೇಕು" ಅಂದರು. ಹೊರಗೆ ಮಾಡಿಸಿದ್ದ ವರದಿಯನ್ನೂ ಕೈಗಿತ್ತರು. ಮೇಲೆ ಹೇಳಿದ ವರದಿ ಅದೇ.

ಅವರ ಅನುಮಾನ ತಳ್ಳಿಹಾಕುವಂಥದ್ದಲ್ಲ. ಪೆಟ್ ಕಾಳು ಎಂದರೆ ಕಚ್ಚಾ ಪ್ಲಾಸ್ಟಿಕ್ಕಿನ ಸಣ್ಣ ಗುಳಿಗೆ, ಅದು ಗಾಳಿಯ ತೇವವನ್ನು ಹೀರುತ್ತದೆ. ಅಚ್ಚಿಗೆ ಹೋಗುವ ಮೊದಲು ಅದನ್ನು 160ರಿಂದ 170 ಡಿಗ್ರಿಯ ಒಣ ಗಾಳಿಯಲ್ಲಿ ನಾಲ್ಕಾರು ಗಂಟೆ ಒಣಗಿಸಿ, ತೇವವನ್ನು ದಶಲಕ್ಷಕ್ಕೆ 50 ಭಾಗಕ್ಕಿಂತ ಕೆಳಗೆ ತರಬೇಕು. ಒದ್ದೆ ಕಾಳು ಕರಗಿದರೆ ನೀರು ಅಣುಸರಪಳಿಗಳನ್ನು ಕಡಿಯುತ್ತದೆ. ತುಂಡಾದ ಸರಪಳಿಗಳು ಬೇಗ ಸಾಲುಗಟ್ಟುತ್ತವೆ, ಬೇಗ ಹರಳಾಗುತ್ತವೆ, ಪ್ಲಾಸ್ಟಿಕ್ ಬಿಳಿಚುತ್ತದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು: ಬಿಳಿಪು ಬಂದದ್ದು ವಸ್ತುವೇ ಕೆಟ್ಟಿದ್ದರಿಂದಲೋ, ಅಚ್ಚಿನಲ್ಲಿ ಅದು ನಿಧಾನ ತಣಿದದ್ದರಿಂದಲೋ? ಡಿಎಸ್‌ಸಿ ಈ ಎರಡನ್ನೂ ಬೇರ್ಪಡಿಸಿ ತೋರಿಸಬಲ್ಲದು.

ಯಾವ ಬಿಸಿಯ ರೇಖೆ?

ವರದಿ ಕೈಗೆ ಬಂದರೆ ಅಂಕಿಗಳಿಗೆ ಮೊದಲು ನಾನು ನೋಡುವುದು ತಾಪಮಾನದ ಕಾರ್ಯಕ್ರಮವನ್ನು. ಸಾಮಾನ್ಯವಾಗಿ ಪ್ಲಾಸ್ಟಿಕ್ಕನ್ನು ಒಮ್ಮೆ ಕಾಯಿಸಿ, ತಣಿಸಿ, ಮತ್ತೆ ಕಾಯಿಸುತ್ತಾರೆ. ಬಹಳ ಕಡೆ ಎರಡನೇ ಕಾಯಿಸುವಿಕೆಯ ರೇಖೆಯನ್ನೇ ವರದಿಗೆ ಹಾಕುವ ರೂಢಿಯಿದೆ. ಬೇರೆ ಬೇರೆ ತಯಾರಕರ ಕಾಳುಗಳನ್ನು ಹೋಲಿಸಲು ಅದು ಸರಿಯಾದ ಕ್ರಮ. ಎಲ್ಲ ಮಾದರಿಗಳನ್ನೂ ಒಂದೇ ರೀತಿ ಕರಗಿಸಿ ಒಂದೇ ವೇಗದಲ್ಲಿ ತಣಿಸಿದ ಮೇಲೆ ಅವುಗಳ ಹಳೆಯ ಕಥೆ ಅಳಿಸಿ, ವಸ್ತುವಿನ ಸ್ವಭಾವವಷ್ಟೇ ಉಳಿಯುತ್ತದೆ.

ನಮಗೆ ಬೇಕಾಗಿದ್ದುದು ಆ ಹಳೆಯ ಕಥೆಯೇ. ತಿಳಿ ಚೂರೂ ಬಿಳಿ ಚೂರೂ ಒಂದೇ ಪ್ರೀಫಾರ್ಮಿನವು. ಎರಡನ್ನೂ ಕರಗಿಸಿ ನಿಮಿಷಕ್ಕೆ 10 ಡಿಗ್ರಿಯಂತೆ ತಣಿಸಿದರೆ ಎರಡೂ ಒಂದೇ ಆಗುತ್ತವೆ, ಎರಡನೇ ರೇಖೆಯೂ ಒಂದೇ ಬರುತ್ತದೆ. ಜೋನಿಬೆಲ್ಲದ ಡಬ್ಬದ ತಳದಲ್ಲಿ ಹರಳುಗಟ್ಟಿದ್ದನ್ನೂ ಮೇಲಿನ ತಿಳಿಯನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕುದಿಸಿ ಆಮೇಲೆ ಯಾವುದರಲ್ಲಿ ಹರಳಿತ್ತು ಎಂದು ಕೇಳಿದಂತೆ ಅದು. ವರದಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಎರಡನೇ ಕಾಯಿಸುವಿಕೆ ಎಂದು ಬರೆದೇ ಇತ್ತು. ಅಚ್ಚಿನಲ್ಲಿ ಏನಾಯಿತು ಎಂದು ತಿಳಿಯಬೇಕಿದ್ದರೆ ಮೊದಲ ಕಾಯಿಸುವಿಕೆಯನ್ನೇ ಓದಬೇಕು.

ಹಾಗಾಗಿ ನಾವು ಹೊಸದಾಗಿ ಮಾಡಿದೆವು. ಪ್ರೀಫಾರ್ಮಿನ ಗೋಡೆಯಿಂದ ಒಂದು, ಬಿಳಿಚಿದ ಗೇಟ್ ಬಳಿಯಿಂದ ಒಂದು, ಮಳೆಗಾಲಕ್ಕೆ ಮೊದಲು ತಯಾರಾಗಿ ಚೆನ್ನಾಗಿಯೇ ಇದ್ದ ಹಳೆಯ ಪ್ರೀಫಾರ್ಮಿನ ಗೇಟಿನಿಂದ ಒಂದು. ಒಟ್ಟು ಮೂರು ಮಾದರಿ, ಪ್ರತಿಯೊಂದೂ ಸುಮಾರು 6 ಮಿಲಿಗ್ರಾಂ. ಮುಚ್ಚಳ ಒತ್ತಿದ ಅಲ್ಯೂಮಿನಿಯಂ ಪ್ಯಾನ್, ನೈಟ್ರೋಜನ್ ಹರಿವು ನಿಮಿಷಕ್ಕೆ 50 ಮಿಲಿಲೀಟರ್. 25 ಡಿಗ್ರಿಯಿಂದ 285ರವರೆಗೆ ನಿಮಿಷಕ್ಕೆ 10ರಂತೆ ಕಾಯಿಸಿ, ಅಲ್ಲಿ 3 ನಿಮಿಷ ನಿಲ್ಲಿಸಿ, ಅದೇ ವೇಗದಲ್ಲಿ ತಣಿಸಿ, ಮತ್ತೆ ಕಾಯಿಸುವುದು. ಮೇಲೆ 3 ನಿಮಿಷ ನಿಲ್ಲಿಸದಿದ್ದರೆ ಹಳೆಯ ಹರಳಿನ ಬೀಜಗಳು ಕರಗದೆ ಉಳಿದು ತಣಿಯುವ ರೇಖೆಯನ್ನು ಕೆಡಿಸುತ್ತವೆ. ಬಹಳ ಹೊತ್ತು ಬಿಟ್ಟರೆ ಪ್ಲಾಸ್ಟಿಕ್ಕೇ ಬಿಸಿಗೆ ಕೆಡುತ್ತದೆ.

ಚೂರು ಕತ್ತರಿಸುವುದರಲ್ಲೂ ಒಂದು ಎಚ್ಚರಿಕೆ ಬೇಕು. ಪ್ರೀಫಾರ್ಮಿನ ಗೋಡೆ ಬಾಗಿರುತ್ತದೆ. ಬಾಗಿದ ಚೂರನ್ನು ಹಾಗೇ ಹಾಕಿದರೆ 80 ಡಿಗ್ರಿಯ ಹತ್ತಿರ ಅದು ಮೆದುವಾಗಿ ಪ್ಯಾನಿನ ತಳಕ್ಕೆ ಕುಸಿಯುತ್ತದೆ. ಆಗ ರೇಖೆಯಲ್ಲಿ ಚೂಪಾದ ಒಂದು ಜಿಗಿತ, ಅದೂ ನಾವು ಗಾಜಿನ ಪರಿವರ್ತನೆಯನ್ನು ಹುಡುಕುವ ಜಾಗದಲ್ಲೇ. ಅದಕ್ಕೆ ತೆಳುವಾಗಿ, ಚಪ್ಪಟೆಯಾಗಿ ಹೆರೆದು ತಳಕ್ಕೆ ಸರಿಯಾಗಿ ಕೂರುವಂತೆ ಹಾಕಬೇಕು. ಮಳೆಗಾಲದಲ್ಲಿ ಕತ್ತರಿಸಿದ ಚೂರುಗಳನ್ನು ಸಿಲಿಕಾ ಜೆಲ್ ಇರುವ ಮುಚ್ಚಿದ ಪಾತ್ರೆಯಲ್ಲಿಟ್ಟೇ ಅಳೆಯುವುದು ನಮ್ಮ ರೂಢಿ. ಕರಾವಳಿಯ ಗಾಳಿಯಲ್ಲಿ ಯಂತ್ರದ ಕೋಶವನ್ನು ಸೊನ್ನೆಯ ಕೆಳಗಿಳಿಸಿ ಶುರು ಮಾಡಿದರೆ ಸೊನ್ನೆ ಡಿಗ್ರಿಯಲ್ಲಿ ಸಣ್ಣ ಉಬ್ಬು ಕಾಣಬಹುದು. ಅದು ಪ್ಲಾಸ್ಟಿಕ್ಕಿನದಲ್ಲ, ಒಳಗೆ ಕಟ್ಟಿದ ಹಿಮ ಕರಗಿದ್ದು.

ದಿಕ್ಕು ನೋಡಿ, ಆಮೇಲೆ ಹೆಸರಿಡಿ

ರೇಖೆ ತೆರೆದ ಕೂಡಲೇ ಅಕ್ಷದ ಪಕ್ಕ `Exo Up` ಎಂದಿದೆಯೋ `Exo Down` ಎಂದಿದೆಯೋ ನೋಡಬೇಕು. ಶಾಖ ಬಿಡುವ ಘಟನೆಯನ್ನು ಕೆಲವು ಯಂತ್ರಗಳು ಮೇಲಕ್ಕೆ ಬರೆಯುತ್ತವೆ, ಕೆಲವು ಕೆಳಕ್ಕೆ. ಹರಳುಗಟ್ಟುವಾಗ ಪ್ಲಾಸ್ಟಿಕ್ ಶಾಖ ಬಿಡುತ್ತದೆ, ಕರಗುವಾಗ ಹೀರುತ್ತದೆ. ದಿಕ್ಕು ತಿರುವುಮುರುವಾದರೆ ಎರಡೂ ಅದಲುಬದಲು. ಅನುಮಾನವಿದ್ದರೆ 250 ಡಿಗ್ರಿಯ ಹತ್ತಿರ ರೇಖೆ ಚೂಪಾಗಿ ಚಾಚಿಕೊಂಡ ದೊಡ್ಡ ಗೂಟವನ್ನು ನೋಡಿ. ಪೆಟ್‌ನಲ್ಲಿ ಅದು ಕರಗುವಿಕೆಯೇ, ಹಾಗಾಗಿ ಅದು ತೋರಿಸುವ ದಿಕ್ಕೇ ಶಾಖ ಹೀರುವ ದಿಕ್ಕು.

ತಿಳಿ ಗೋಡೆಯ ಮೊದಲ ಕಾಯಿಸುವಿಕೆಯಲ್ಲಿ ಮೂರು ಘಟನೆಗಳೂ ಪಾಠಪುಸ್ತಕದ ಚಿತ್ರದಂತೆ ಬಂದವು. 76 ಡಿಗ್ರಿಯ ಸುತ್ತ ಒಂದು ಮೆಟ್ಟಿಲು, 134ರಲ್ಲಿ ಶಾಖ ಬಿಡುವ ಗೂಟ, 248ರಲ್ಲಿ ಶಾಖ ಹೀರುವ ಗೂಟ. ಮೊದಲನೆಯದು ಗಾಜಿನ ಪರಿವರ್ತನೆ. ಎರಡನೆಯದು ತಣ್ಣನೆಯ ಸ್ಫಟಿಕೀಕರಣ, ಎಂದರೆ ಅಚ್ಚಿನಲ್ಲಿ ಹರಳಾಗಲು ಸಮಯ ಸಿಗದ ಸರಪಳಿಗಳು ಈಗ ಮೆದುವಾಗಿ, ಅಲುಗಾಡಲು ಜಾಗ ಸಿಕ್ಕಿ ಸಾಲುಗಟ್ಟುವುದು. ಮೂರನೆಯದು ಆ ಹರಳುಗಳು ಕರಗುವುದು.

ಇಲ್ಲೊಂದು ಗೊಂದಲ. ನಮ್ಮಲ್ಲಿ ಹೊಸದಾಗಿ ಸೇರಿದ್ದ ಹುಡುಗಿ 79 ಡಿಗ್ರಿಯಲ್ಲಿ ಮೆಟ್ಟಿಲಿನ ತುದಿಗೆ ಅಂಟಿಕೊಂಡಿದ್ದ ಸಣ್ಣ ಗೂಟವನ್ನು ಗುರುತು ಹಾಕಿ, "ಇದು ಏನೋ ಮೇಣ ಕರಗಿದ್ದು ಇರ್ಬೇಕು ಸರ್" ಅಂದಳು. ಅವಳು ಗಮನಿಸಿದ್ದು ಒಳ್ಳೆಯದೇ, ಅಲ್ಲಿ ನಿಜವಾಗಿ ಶಾಖ ಹೀರುವ ಉಬ್ಬಿತ್ತು. "ತಂಗೀ, ಗೂಟ ಮುಗಿದ ಮೇಲೆ ರೇಖೆ ಎಲ್ಲಿಗೆ ಬಂದು ನಿಂತಿತು ನೋಡು" ಅಂದೆ. ಯಾವುದಾದರೂ ಕರಗಿದ್ದರೆ ರೇಖೆ ಸುಮಾರಾಗಿ ಮೊದಲಿದ್ದ ಮಟ್ಟಕ್ಕೇ ಮರಳುತ್ತದೆ. ಇಲ್ಲಿ ಮರಳಿರಲಿಲ್ಲ, ಒಂದು ಮೆಟ್ಟಿಲು ಇಳಿದು ಅಲ್ಲೇ ಮುಂದುವರಿದಿತ್ತು. ಗಾಜಿನ ಸ್ಥಿತಿ ಮುಗಿದ ಮೇಲೆ ವಸ್ತುವಿನ ಶಾಖಧಾರಣೆ ಹೆಚ್ಚುತ್ತದೆ, ಅದೇ ಈ ಮೆಟ್ಟಿಲು. ಸಣ್ಣ ಗೂಟ ಬಂದದ್ದು ಪ್ರೀಫಾರ್ಮ್‌ಗಳು ಗೋದಾಮಿನ ಸೆಕೆಯಲ್ಲಿ ವಾರಗಟ್ಟಲೆ ಕುಳಿತಿದ್ದರಿಂದ. ಗಾಜಿನ ಸ್ಥಿತಿಯಲ್ಲಿರುವ ಪ್ಲಾಸ್ಟಿಕ್ ಇಟ್ಟಲ್ಲೇ ಮೆಲ್ಲಗೆ ಬಿಗಿಯುತ್ತಾ ಹೋಗುತ್ತದೆ. ಮತ್ತೆ ಸಡಿಲಾಗುವಾಗ ಆ ಬಾಕಿ ಶಾಖವನ್ನು ಒಮ್ಮೆಗೇ ಎಳೆದುಕೊಳ್ಳುತ್ತದೆ.

ಖಚಿತಪಡಿಸಿಕೊಳ್ಳಲು ಒಂದು ಸರಳ ಪರೀಕ್ಷೆ ಸಾಕು. ಹೊಸ ಚೂರೊಂದನ್ನು 100 ಡಿಗ್ರಿಯವರೆಗೆ ಮಾತ್ರ ಕಾಯಿಸಿ, ಕೂಡಲೇ ಯಂತ್ರ ತಣಿಸುವಷ್ಟು ವೇಗವಾಗಿ ತಣಿಸಿ, ಮತ್ತೆ ಕಾಯಿಸಿ. ಬಿಗಿತದ ಗೂಟವಾದರೆ ಬಹುಪಾಲು ಮಾಯವಾಗಿ ಮೆಟ್ಟಿಲು ಮಾತ್ರ ಉಳಿಯುತ್ತದೆ. ಮೇಣದ ಗೂಟವಾದರೆ ಮತ್ತೆ ಬರುತ್ತದೆ. ನಮ್ಮಲ್ಲಿ ಮಾಯವಾಯಿತು. ಗಾಜಿನ ಪರಿವರ್ತನೆಯ ತಾಪಮಾನವನ್ನು ಈ ಗೂಟದ ತುದಿಯಲ್ಲಿ ಓದಬಾರದು. ಮೆಟ್ಟಿಲಿನ ಹಿಂದಿನ ಸಪಾಟು ಗೆರೆಯನ್ನೂ, ಎಂದರೆ ಬೇಸ್‌ಲೈನನ್ನೂ, ಮುಂದಿನದನ್ನೂ ಎಳೆದು, ಅರ್ಧ ಎತ್ತರದ ಜಾಗದಲ್ಲಿ ಓದಬೇಕು. ಬಿಗಿತದ ಗೂಟ ದೊಡ್ಡದಿದ್ದರೆ ಮರುಕಾಯಿಸುವಿಕೆಯ ಮೆಟ್ಟಿಲನ್ನೇ ನಂಬುವುದು ಒಳ್ಳೆಯದು.

ಬಿಳಿ ಚೂರು ಬೇರೆಯಾದದ್ದು ಎಲ್ಲಿ

ಗೇಟ್ ಬಳಿಯ ಚೂರಿನ ರೇಖೆಯಲ್ಲೂ ಕರಗುವ ಗೂಟ 248ರಲ್ಲೇ ಇತ್ತು, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಡುವಿನ ಶಾಖ ಬಿಡುವ ಗೂಟ ಕುಗ್ಗಿತ್ತು. ತಿಳಿ ಚೂರಿನಲ್ಲಿ ಅದರ ವಿಸ್ತೀರ್ಣ ಗ್ರಾಂಗೆ 29 ಜೂಲ್, ಇಲ್ಲಿ 8 ಮಾತ್ರ. ಜಾಗವೂ 134ರಿಂದ 126ಕ್ಕೆ ಸರಿದಿತ್ತು. ಆಗಲೇ ಹರಳಿನ ಬೀಜಗಳು ಇದ್ದುದರಿಂದ ಉಳಿದ ಸರಪಳಿಗಳಿಗೆ ಸಾಲುಗಟ್ಟಲು ಅಷ್ಟು ಬಿಸಿ ಬೇಕಾಗಲಿಲ್ಲ.

ಗಾಜಿನ ಪರಿವರ್ತನೆಯ ಮೆಟ್ಟಿಲೂ ಇದೇ ಮಾತನ್ನು ಹೇಳಿತು. ಪೂರ್ತಿ ಹರಳಿಲ್ಲದ ಪೆಟ್‌ನಲ್ಲಿ ಈ ಮೆಟ್ಟಿಲಿನ ಎತ್ತರ ಗ್ರಾಂಗೆ, ಡಿಗ್ರಿಗೆ ಸುಮಾರು 0.4 ಜೂಲ್. ತಿಳಿ ಚೂರಿನಲ್ಲಿ 0.36 ಸಿಕ್ಕಿತು, ಬಿಳಿಯದರಲ್ಲಿ 0.24. ಹರಳಾದ ಭಾಗ ಈ ಮೆಟ್ಟಿಲಿಗೆ ಏನೂ ಕೊಡುವುದಿಲ್ಲ. ಹರಳಿಗೆ ಅಂಟಿಕೊಂಡು ಬಿಗಿಯಾಗಿರುವ ಪಕ್ಕದ ಸರಪಳಿಗಳೂ ಕೊಡುವುದಿಲ್ಲ. ಹಾಗಾಗಿ ಹರಳು ಹೆಚ್ಚಿದಂತೆ ಮೆಟ್ಟಿಲು ತಗ್ಗುತ್ತದೆ, ಅಗಲವಾಗುತ್ತದೆ, ಕೆಲವು ಡಿಗ್ರಿ ಮೇಲಕ್ಕೂ ಜರುಗುತ್ತದೆ. ಹೊರಗಿನ ವರದಿಯಲ್ಲಿ ಗಾಜಿನ ಪರಿವರ್ತನೆ ಸ್ಪಷ್ಟವಿಲ್ಲ ಎಂದು ಬರೆದದ್ದಕ್ಕೂ ಇದೇ ಕಾರಣ. ನಿಧಾನ ತಣಿಸಿದ್ದರಿಂದ ಅಲ್ಲಿನ ಮಾದರಿ ಹರಳಿನಿಂದ ತುಂಬಿತ್ತು. ಅಂಥ ಮಾದರಿಯಲ್ಲಿ ಮೆಟ್ಟಿಲು ಕಾಣಲೇಬೇಕಾದರೆ ಕರಗಿಸಿದ ಪ್ಯಾನನ್ನು ದ್ರವ ಸಾರಜನಕದಲ್ಲೋ ಮಂಜುಗಡ್ಡೆಯ ಮೇಲಿಟ್ಟ ದಪ್ಪ ಲೋಹದ ಹಲಗೆಯ ಮೇಲೋ ಥಟ್ಟನೆ ತಣಿಸಿ ಮತ್ತೆ ಕಾಯಿಸಬೇಕು. ಕಾಯಿಸುವ ವೇಗವನ್ನು 20ಕ್ಕೆ ಏರಿಸಿದರೂ ಮೆಟ್ಟಿಲು ಎದ್ದು ಕಾಣುತ್ತದೆ. ಆದರೆ ಆಗ ತಾಪಮಾನ ಒಂದೆರಡು ಡಿಗ್ರಿ ಮೇಲೆ ಓದುತ್ತದೆ, ಬೇರೆ ವೇಗದ ಅಂಕಿಯೊಡನೆ ಹೋಲಿಸಬಾರದು.

ಈಗ ಲೆಕ್ಕ. ಪೂರ್ತಿ ಹರಳಾದ ಪೆಟ್ ಕರಗಲು ಗ್ರಾಂಗೆ 140 ಜೂಲ್ ಬೇಕೆಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಕರಗುವ ಗೂಟದ ವಿಸ್ತೀರ್ಣ ತಿಳಿ ಚೂರಿಗೆ 41, ಬಿಳಿ ಚೂರಿಗೆ 42. ಇವನ್ನೇ 140ರಿಂದ ಭಾಗಿಸಿದರೆ ಶೇಕಡಾ 29 ಮತ್ತು 30. ಅಂದರೆ ಮೊದಲ ಕಾಯಿಸುವಿಕೆಯನ್ನೇ ತೆಗೆದುಕೊಂಡರೂ, ಕರಗುವ ಗೂಟವನ್ನು ಮಾತ್ರ ಅಳೆದರೆ ಎರಡೂ ಮತ್ತೆ ಒಂದೇ! ಏಕೆಂದರೆ ತಿಳಿ ಚೂರು ಕರಗುವ ಹೊತ್ತಿಗೆ ಅದರಲ್ಲಿದ್ದ ಹರಳಿನ ಬಹುಪಾಲು ನಮ್ಮ ಯಂತ್ರದೊಳಗೆ, 134 ಡಿಗ್ರಿಯಲ್ಲಿ ಹುಟ್ಟಿದ್ದು. ಅದನ್ನು ಅಚ್ಚಿನ ಲೆಕ್ಕಕ್ಕೆ ಬರೆಯಬಾರದು, ಕಳೆಯಬೇಕು. ಕೆಳಗೆ Xc ಎಂದರೆ ಶೇಕಡಾ ಸ್ಫಟಿಕಾಂಶ, ΔHm ಕರಗುವ ಗೂಟದ ವಿಸ್ತೀರ್ಣ, ΔHcc ನಡುವಿನ ಶಾಖ ಬಿಡುವ ಗೂಟದ ವಿಸ್ತೀರ್ಣ.

```
Xc = (ΔHm − ΔHcc) / 140 × 100

ಗೋಡೆ:  (41 − 29) / 140 × 100 = 8.6
ಗೇಟ್:   (42 − 8) / 140 × 100 = 24.3
```

ಕಣ್ಣು ಕಂಡದ್ದನ್ನು ಈಗ ಅಂಕಿಯೂ ಹೇಳಿತು. ಮಳೆಗೆ ಮುಂಚಿನ ಹಳೆಯ ಪ್ರೀಫಾರ್ಮಿನ ಗೇಟ್ ಸುಮಾರು ಶೇಕಡಾ 10 ತೋರಿಸಿತು.

ಆದರೆ ತಿಳಿ ಗೋಡೆಯಲ್ಲಿ ನಿಜಕ್ಕೂ ಶೇಕಡಾ 8.6ರಷ್ಟು ಹರಳಿದೆ ಎಂದು ನಾನು ಬರೆದುಕೊಡುವುದಿಲ್ಲ. ಈ ಕಳೆಯುವ ಲೆಕ್ಕ ಯಾವಾಗಲೂ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಒಂದು, 134ರ ಗೂಟ ಮುಗಿದ ಮೇಲೂ ಕರಗುವವರೆಗೆ ಹರಳು ಮೆಲ್ಲಗೆ ಬೆಳೆಯುತ್ತಲೇ ಇರುತ್ತದೆ. ಆ ಶಾಖ ಎಷ್ಟು ಅಗಲಕ್ಕೆ ಹರಡಿರುತ್ತದೆಂದರೆ ಬೇಸ್‌ಲೈನಿನಲ್ಲೇ ಅಡಗಿಬಿಡುತ್ತದೆ, ನಾವು ಅದನ್ನು ಕಳೆಯುವುದೇ ಇಲ್ಲ. ಎರಡು, ಅಷ್ಟೇ ಹರಳು 134ರಲ್ಲಿ ಹುಟ್ಟುವಾಗ ಬಿಡುವ ಶಾಖಕ್ಕಿಂತ 248ರಲ್ಲಿ ಕರಗುವಾಗ ಹೀರುವ ಶಾಖ ಹೆಚ್ಚು. 100ರಿಂದ 265 ಡಿಗ್ರಿಯವರೆಗೆ ಒಂದೇ ಗೆರೆ ಎಳೆದು ಎಲ್ಲವನ್ನೂ ಒಟ್ಟಿಗೆ ಅಳೆದರೆ ಮೊದಲ ತಪ್ಪು ಕಡಿಮೆಯಾಗುತ್ತದೆ, ಎರಡನೆಯದು ಉಳಿಯುತ್ತದೆ. ಆದ್ದರಿಂದ ಈ ಅಂಕಿಗಳನ್ನು ಒಂದಕ್ಕೊಂದು ಹೋಲಿಸಲು ಬಳಸಿ. ನಿಜವಾದ ಸ್ಫಟಿಕಾಂಶವೇ ಬೇಕಿದ್ದರೆ ಸಾಂದ್ರತೆ ಅಳೆಯಿರಿ. ಹರಳಿಲ್ಲದ ಪೆಟ್ ಸುಮಾರು 1.335, ಪೂರ್ತಿ ಹರಳು 1.455 ಗ್ರಾಂ ಪ್ರತಿ ಘನ ಸೆಂಟಿಮೀಟರ್. ನಡುವಿನ ಅಂಕಿಯಿಂದ ಪಾಲು ಸಿಗುತ್ತದೆ.

ವಿಸ್ತೀರ್ಣ ಅಳೆಯುವ ಮೊದಲು ಯಂತ್ರವನ್ನು ಇಂಡಿಯಂ ಲೋಹದಿಂದ ಪರೀಕ್ಷಿಸಿಕೊಂಡಿದ್ದೆವು. ಅದು 156.6 ಡಿಗ್ರಿಯಲ್ಲಿ ಕರಗಲು ಶುರುವಾಗಿ ಗ್ರಾಂಗೆ 28.5 ಜೂಲ್‌ಗೆ ಹತ್ತಿರ ಕೊಡಬೇಕು. ಇದು ಸರಿ ಬಾರದಿದ್ದರೆ ಮುಂದಿನ ಯಾವ ಕಳೆಯುವಿಕೆಗೂ ಅರ್ಥವಿಲ್ಲ.

ಮಳೆಯ ತಪ್ಪೋ, ಅಚ್ಚಿನ ತಪ್ಪೋ

ಗೇಟ್ ಹತ್ತಿರ ಹರಳು ಹೆಚ್ಚಿದೆ ಎಂಬಲ್ಲಿಗೆ ನಿಲ್ಲಿಸಿದ್ದರೆ ಅವರ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಅದಕ್ಕೆ ತಣಿಯುವ ರೇಖೆ ಬೇಕು. ಬಹಳಷ್ಟು ವರದಿಗಳಲ್ಲಿ ಅದನ್ನು ಸೇರಿಸುವುದೇ ಇಲ್ಲ, ನನಗೆ ಇದು ಬೇಸರದ ವಿಷಯ.

ತಣಿಯುವಾಗ ಹಳೆಯ ಕಥೆ ಅಳಿಸಿಹೋಗಿರುತ್ತದೆ. ಆಗ ಹರಳುಗಟ್ಟುವ ತಾಪಮಾನವನ್ನು ನಿರ್ಧರಿಸುವುದು ವಸ್ತು ಮಾತ್ರ: ಸರಪಳಿ ಎಷ್ಟು ಉದ್ದ, ಒಳಗೆ ಹರಳಿಗೆ ಬೀಜವಾಗುವ ಕಸ ಎಷ್ಟು. ಒದ್ದೆ ಕಾಳಿನಿಂದ ಸರಪಳಿ ಕಡಿದಿದ್ದರೆ ಅದು ಚುರುಕಾಗಿ ಹರಳಾಗುತ್ತದೆ, ಗೂಟ ಹೆಚ್ಚಿನ ತಾಪಮಾನಕ್ಕೆ ಸರಿದು ಚೂಪಾಗುತ್ತದೆ. ಅಷ್ಟೇ ಅಲ್ಲ, ಕಾಳು ಒದ್ದೆಯಾಗಿದ್ದರೆ ಇಡೀ ಪ್ರೀಫಾರ್ಮಿನ ವಸ್ತುವೇ ಬದಲಾಗಿರಬೇಕು, ಗೋಡೆಯದೂ ಸೇರಿ.

ನಮಗೆ ಸಿಕ್ಕಿದ್ದು: ಗೋಡೆ 186, ಬಿಳಿ ಗೇಟ್ 187, ಮಳೆಗೆ ಮುಂಚಿನದು 186. ಅದೇ ಚೂರನ್ನು ಎರಡು ಸಲ ಮಾಡಿದರೂ ಬರುವಷ್ಟೇ ವ್ಯತ್ಯಾಸ. ಮೂರರ ಆಕಾರವೂ ಒಂದೇ. ವಸ್ತು ಕೆಟ್ಟಿಲ್ಲ, ಅವರ ಒಣಗಿಸುವ ಯಂತ್ರ ಕೆಲಸ ಮಾಡುತ್ತಿದೆ. ಅದೇ ಒಳ್ಳೆಯ ವಸ್ತು ಗೇಟಿನ ಹತ್ತಿರ ಮಾತ್ರ ಬಹಳ ಹೊತ್ತು ಬಿಸಿಯಾಗಿ ಕುಳಿತಿದೆ. ಹೊರಗಿನ ವರದಿಯನ್ನೂ ಈಗ ತಿರುಗಿ ನೋಡಿದರೆ ಅದು ಹೇಳಿದ್ದು ಇದನ್ನೇ: ಎರಡರ ವಸ್ತುವೂ ಒಂದೇ. ಅವರು ಕೇಳದ ಪ್ರಶ್ನೆಗೆ ಅದು ಸರಿಯಾದ ಉತ್ತರವಾಗಿತ್ತು.

ಇದಕ್ಕೊಂದು ಮಿತಿಯೂ ಇದೆ. ತಣಿಯುವ ಗೂಟ ಸರಿಯದಿದ್ದರೆ ವಸ್ತು ಒಂದೇ ಎನ್ನಬಹುದು. ಆದರೆ ಸರಿದಾಗ, ಸರಪಳಿ ಕಡಿದಿದೆ ಎಂದು ಡಿಎಸ್‌ಸಿ ಒಂದನ್ನೇ ನಂಬಿ ಹೇಳಬಾರದು. ಮರುಬಳಕೆಯ ಚೂರು ಬೆರೆತರೂ, ಬಣ್ಣದ ಪುಡಿ ಸೇರಿದರೂ ಗೂಟ ಅದೇ ದಿಕ್ಕಿಗೆ ಸರಿಯುತ್ತದೆ. ಆಗ ಸರಪಳಿಯ ಉದ್ದವನ್ನು ತಿಳಿಸುವ ದ್ರಾವಣದ ಸ್ನಿಗ್ಧತೆಯನ್ನು ಅಳೆಸಲೇಬೇಕು.

ನಾನು ಅವರಿಗೆ ಫೋನ್ ಮಾಡಿ, "ಕಾಳು ಬಿಡಿ, ಅಚ್ಚಿನ ಗೇಟ್ ಬದಿಗೆ ನೀರು ಸರಿಯಾಗಿ ಹೋಗ್ತದಾ ನೋಡಿ" ಅಂದೆ. ಅಚ್ಚಿನ ನೀರನ್ನು ತಣಿಸುವ ಚಿಲ್ಲರ್ ತೋರಿಸುವ ತಾಪಮಾನ ಸರಿಯಾಗೇ ಇದೆಯಲ್ಲ ಎಂದು ಅವರು ಮೊದಲು ಒಪ್ಪಲಿಲ್ಲ. ಚಿಲ್ಲರ್‌ನಿಂದ ಹೊರಡುವ ನೀರು ತಣ್ಣಗಿದ್ದರೆ ಸಾಲದು, ಸಾಕಷ್ಟು ಹರಿಯಲೂ ಬೇಕು. ಎರಡು ದಿನ ಬಿಟ್ಟು ಅಚ್ಚು ಬಿಚ್ಚಿದಾಗ ಗೇಟ್ ಸುತ್ತಲಿನ ಸಣ್ಣ ಕಾಲುವೆ ಸುಣ್ಣದ ಹಕ್ಕಳೆ ಮತ್ತು ತುಕ್ಕಿನಿಂದ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿತ್ತಂತೆ. ಬೇಸಿಗೆಯಿಡೀ ಬಾವಿಯ ಗಡುಸು ನೀರನ್ನೇ ಹಾಗೆಯೇ ತುಂಬಿಸುತ್ತಿದ್ದರು. ಮಳೆ ಶುರುವಾದದ್ದೂ ಕಾಲುವೆ ಕಟ್ಟಿದ್ದೂ ಒಂದೇ ಹೊತ್ತಿಗೆ ಬಿದ್ದಿತ್ತು.

ಕಾಲುವೆ ತೊಳೆದ ಮೇಲೆ ತಯಾರಾದ ಪ್ರೀಫಾರ್ಮಿನ ಗೇಟಿನಿಂದ ಒಂದು ಚೂರನ್ನು ಮತ್ತೆ ಕಳಿಸಿದರು. ಮೊದಲ ಕಾಯಿಸುವಿಕೆಯಲ್ಲಿ ಶಾಖ ಬಿಡುವ ಗೂಟ 132 ಡಿಗ್ರಿಗೆ ಮರಳಿತ್ತು, ವಿಸ್ತೀರ್ಣ ಗ್ರಾಂಗೆ 27 ಜೂಲ್. ಕರಗುವ ಗೂಟ ಮೊದಲಿನಂತೆಯೇ 41.